ಹದಿನೈದು ಗಂಟೆಗಳ ಕಾರ್ಯಭಾರ

ನಾನು ಕಲಘಟಗಿಯ ಸರ್ಕಾರಿ ಪದವಿ ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕನಾಗಿ ಸೇರಿದ ಬಗೆಯನ್ನು ಈ ಕೆಳಗಿನಂತೆ ನಿವೇದಿಸಿಕೊಳ್ಳುತ್ತೇನೆ. ಬರೆದು ರೂಢಿಯಿಲ್ಲದವನಾದ್ದರಿಂದ ಲೋಪಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ.

ಸದರಿ ಕಾಲೇಜಿನಲ್ಲಿ ಇತಿಹಾಸಕ್ಕೆ ಇದ್ದುದು ಒಬ್ಬರಿಗೆ ಸಾಲುವ, ವಾರಕ್ಕೆ ಹದಿನೈದು ಗಂಟೆಗಳ ಕಾರ್ಯಭಾರ ಮಾತ್ರ. ಅದನ್ನು ಬಹುಕಾಲದಿಂದ ನಿರ್ವಹಿಸುತ್ತಿದ್ದವರು ಬಿ.ಎ.ಯಲ್ಲಿ ನನಗೆ ಪಾಠ ಹೇಳಿದ ಸರ್. ಅವರೂ ಅತಿಥಿ ಉಪನ್ಯಾಸಕರೇ. ಕಾಯಂ ಹುದ್ದೆಯ ಅಧಿಸೂಚನೆಗೆ ಕಾಯುತ್ತಲೇ ಅವರ ತಲೆ ನರೆತಿತ್ತು. ಉಪನ್ಯಾಸಕರ ಅರ್ಹತಾ ಪರೀಕ್ಷೆಯಾದ ಕೆ-ಸೆಟ್ ಅವರಿಗೆ ಪ್ರತಿ ಸಲವೂ ಸ್ವಲ್ಪದರಲ್ಲಿ ತಪ್ಪುತ್ತಿತ್ತು. ಇದೇ ತಾಲೂಕಿನ ಬಮ್ಮಿಗಟ್ಟಿಯವನಾದ ನನ್ನನ್ನು ಎಂ.ಎ.ಗೆ, ಆಮೇಲೆ ಪಿಎಚ್.ಡಿ.ಗೆ ಧಾರವಾಡಕ್ಕೆ ಹಚ್ಚಿದವರೂ ಅವರೇ. ನಾನು ಕೆ-ಸೆಟ್ ಪಾಸಾದೆ. ಮಹಾಪ್ರಬಂಧ ಸಲ್ಲಿಸಿ, ಪರೀಕ್ಷಕರ ವರದಿಗೆ ಕಾಯುತ್ತಿದ್ದೇನೆ.

ನಾನು ಅರ್ಜಿ ಹಾಕಿದ ವರ್ಷ ಅತಿಥಿ ಉಪನ್ಯಾಸಕರ ಆಯ್ಕೆಯಲ್ಲಿ ಅರ್ಹತಾ ಪರೀಕ್ಷೆ ಪಾಸಾದವರಿಗೇ ಮೊದಲ ಆದ್ಯತೆ ಎಂದಾಯಿತು. ಪಟ್ಟಿಯಲ್ಲಿ ನನ್ನ ಹೆಸರು ಮೇಲೆ, ಸರ್ ಹೆಸರು ಬಹಳ ಕೆಳಗೆ. ಆನ್‌ಲೈನಿನಲ್ಲಿ ಕಾಲೇಜು ಆಯ್ಕೆ ಮಾಡುವ ದಿನ ಬಸ್ ನಿಲ್ದಾಣದ ಬಾಜೂಕಿನ ಕಂಪ್ಯೂಟರ್ ಅಂಗಡಿಗೆ ಅವರೇ ನನ್ನ ಜೊತೆ ಬಂದು ಕೂತರು. ನಾನು ಕಲಘಟಗಿ ಬಿಟ್ಟು ಕುಂದಗೋಳದ ಕಾಲೇಜು ಹಾಕುತ್ತೇನೆಂದೆ.

"ಹುಚ್ಚದಿಯೇನಲೇ? ನೀ ಬಿಟ್ರ ನಿನ್ನ ಹಿಂದಿನಾಂವ ತಗೋತಾನ. ನನಗಂತೂ ಬರೂದಿಲ್ಲ. ನಮ್ಮ ಹುಡುಗ ನೀನರ ಇರು."

ಅವರ ಮಾತು ನಿಯಮದಂತೆ ಸರಿಯಾಗಿತ್ತು. ನಾನು ಕಲಘಟಗಿಯನ್ನೇ ಒತ್ತಿದೆ. ಅಂದಿನಿಂದ ಅವರ ಕುರ್ಚಿಯಲ್ಲಿ ಕೂರುವಾಗಲೆಲ್ಲ ತುದಿಯಲ್ಲೇ ಕೂರುತ್ತೇನೆ.

ಈಗ ಸರ್ ಹುಬ್ಬಳ್ಳಿಯ ಖಾಸಗಿ ಕಾಲೇಜೊಂದಕ್ಕೆ ಬಸ್ಸಿನಲ್ಲಿ ಹೋಗಿಬರುತ್ತಾರೆ. ಕೆ-ಸೆಟ್‌ಗೆ ವಯೋಮಿತಿ ಇಲ್ಲವಾದ್ದರಿಂದ ಮತ್ತೆ ಅರ್ಜಿ ಹಾಕಿದ್ದಾರೆ. ಇತಿಹಾಸದ ಪತ್ರಿಕೆ ಅವರಿಗೆ ನೀರು ಕುಡಿದಷ್ಟು ಸಲೀಸು. ಕೈಕೊಡುವುದು ಎಲ್ಲ ವಿಷಯದವರಿಗೂ ಸಮಾನವಾದ, ಬೋಧನೆ ಮತ್ತು ಸಂಶೋಧನಾ ವಿಧಾನದ ಮೊದಲನೆಯ ಪತ್ರಿಕೆ. ಅದನ್ನು ಹೇಳಿಕೊಡೆಂದು ಕೇಳಿದಾಗ ನಾನು ಸಂತೋಷದಿಂದ ಒಪ್ಪಿದೆ. ರವಿವಾರ ಅವರ ಮನೆಯ ಪಡಸಾಲೆಯಲ್ಲಿ ಕೂರುತ್ತೇವೆ.

ಆದರೆ ಒಂದು ಲೆಕ್ಕ ನನ್ನ ತಲೆಯಿಂದ ಹೋಗದು. ಅವರು ಪಾಸಾದರೆ, ಸೇವಾವಧಿಯ ಅಂಕಗಳೂ ಸೇರಿ ಮುಂದಿನ ಪಟ್ಟಿಯಲ್ಲಿ ನನಗಿಂತ ಮೇಲೆ ಬರುತ್ತಾರೆ. ಇರುವುದು ಅದೇ ಹದಿನೈದು ಗಂಟೆ.

ಕಳೆದ ರವಿವಾರದ ಪ್ರಶ್ನೆ ಇದು: ಮತದಾರರ ಪಟ್ಟಿಯಿಂದ ಪ್ರತಿ ಹತ್ತನೆಯ ಹೆಸರನ್ನು ಆರಿಸುವುದು ಯಾವ ಬಗೆಯ ಮಾದರಿ? ಸರ್ 'ಸರಳ ಯಾದೃಚ್ಛಿಕ', ಅಂದರೆ ಚೀಟಿ ಎತ್ತಿದಂತೆ ಆರಿಸಿದ್ದು, ಎಂದು ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋದರು. ಸರಿಯುತ್ತರ 'ಕ್ರಮಬದ್ಧ'. ನನಗದು ಕೂಡಲೇ ಕಂಡಿತ್ತು. ನಾನು ಚಹಾ ಕುಡಿಯುತ್ತ ಸುಮ್ಮನಿದ್ದೆ. ಅವರು ಇನ್ನೂ ಎರಡು ಪ್ರಶ್ನೆ ಮುಗಿಸಿ ಪುಟ ಮಗುಚಲು ಬೆರಳು ಒದ್ದೆ ಮಾಡಿಕೊಂಡರು.

"ಸರ್, ಮ್ಯಾಲಿನ ಮತದಾರರ ಪಟ್ಟೀದು ತಪ್ಪೈತ್ರಿ," ಎಂದೆ.

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

"ಆವಾಗ ಕಂಡಿತ್ತೇನು?"

"ಹೌದ್ರಿ."

ಅವರು ಗುರುತನ್ನು ಅಳಿಸಿ ಸರಿಯಾದುದಕ್ಕೆ ಹಾಕಿದರು. ಬಳಿಕ ಪುಸ್ತಕವನ್ನು ನನ್ನ ಕಡೆಗೂ ಕಾಣುವಂತೆ ಸರಿಸಿ, ಮುಂದಿನ ಪ್ರಶ್ನೆಯನ್ನು ಗಟ್ಟಿಯಾಗಿ ಓದತೊಡಗಿದರು.