ಅವ್ವನ ಉಡಿ, ತಮ್ಮನ ವ್ಲಾಗ್

ನನ್ನ ತಮ್ಮನ ಪ್ರವಾಸದ ವ್ಲಾಗ್ ನೋಡಿದರೆ ತಲೆ ಚಿಟ್ಟು ಹಿಡಿಯುತ್ತಿತ್ತು. ಒಂದು ಬೀಚು, ಒಂದು ಮೀನಿನ ತಾಟು, ಚಷ್ಮಾ ಹಾಕಿದ ಅವನ ಮುಖ, ಮತ್ತೆ ಬೀಚು. ತಲೆಯಿಲ್ಲ, ಬುಡವಿಲ್ಲ. ನಾನು ಗೋವಾದ ಫೋಂಡಾದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವವಳು. ವಧುವರರ ಮೇಲೆ ಅಕ್ಕಿಕಾಳು ಬೀಳುವ ಮೊದಲೇ ಊಟದ ಪಂಕ್ತಿ ತೋರಿಸಿದರೆ ಬೀಗರು ನನ್ನನ್ನು ಸುಮ್ಮನೆ ಬಿಡುತ್ತಾರೆಯೇ?

ಈ ಸಲ ಅವನು ಅವ್ವನನ್ನೂ ಟೆಂಪೋದಲ್ಲಿ ಬೀಚಿಗೆ ಕರೆದೊಯ್ದ. ವಿಜಯಪುರದ ಕಡೆಯಿಂದ ಬಂದು, ಗೋವಾದಲ್ಲೇ ಕಲ್ಲುಮಣ್ಣು ಹೊತ್ತು ಮುದುಕಿಯಾದ ಅವ್ವ ಸಮುದ್ರವನ್ನೇ ಕಂಡಿರಲಿಲ್ಲ. ಅಲ್ಲಿ ನೀರಿನ ತಾಯಿ ಗಂಗವ್ವನಿಗೆ ಉಡಿ ತುಂಬಬೇಕೆಂಬುದೊಂದೇ ಆಸೆ. ತೆಂಗಿನಕಾಯಿ, ಅಕ್ಕಿ, ಎಲೆ ಅಡಿಕೆ, ಹಸಿರು ಕುಪ್ಪಸದ ಖಣ ಎಲ್ಲ ಕಟ್ಟಿಕೊಂಡು ಹೊರಟಳು.

ರಾತ್ರಿ ತಮ್ಮ ಬಂದು ಕ್ಲಿಪ್‌ಗಳನ್ನು ನನ್ನ ಮುಂದೆ ಸುರಿದ.

“ಅಕ್ಕಾ, ಸೂರ್ಯ ಮುಳಗೂದು ಮೊದಲ ಹಾಕು. ಭಾಳ ಚಲೋ ಬಂದೈತಿ.”

“ಅವ್ವ ಏನ್ ಬಯಸಿ ಹೊಂಟ್ಲು, ಅದು ಮೊದಲ. ನಡುವ ಏನ್ ಅಡ್ಡ ಬಂತು, ಅದು ತಿರುವು. ಉಡಿ ಏನಾತು, ಅದು ಕಡೀಕ. ಉಳಿದದ್ದೆಲ್ಲಾ ಕಸ.”

ಉಡಿ ಕಟ್ಟುವ ಕ್ಲಿಪ್ ಮೊದಲಿಗಿಟ್ಟೆ. ತಿರುವು ಹುಡುಕಿದರೆ, ಅವನು ಬೇಡವೆಂದು ಬದಿಗಿಟ್ಟ ಕ್ಲಿಪ್‌ನಲ್ಲಿ ಸಿಕ್ಕಿತು. ಅವ್ವ ಉಡಿ ಹಿಡಿದು ನೀರಿನಂಚಿಗೆ ಬರುತ್ತಾಳೆ. ಒಡೆದ ಬಾಟಲಿ, ಎಂಜಲು ತಟ್ಟೆ, ಮಗುವಿನ ಹೊಲಸು ಡೈಪರ್. ಆ ಕಡೆ ಹೋಗುತ್ತಾಳೆ, ಈ ಕಡೆ ಬರುತ್ತಾಳೆ. ಉಡಿ ಇಡಲು ಒಂದು ಗೇಣು ಚೊಕ್ಕ ಜಾಗವಿಲ್ಲ. ಪಕ್ಕದಲ್ಲೇ ಒಬ್ಬ ವಾಂತಿ ಮಾಡುತ್ತಾನೆ, ಗೆಳೆಯರು ನಗುತ್ತಾರೆ. ಅವ್ವ ತಿರುಗಿ ಬರುತ್ತಾಳೆ.

“ಇದನ್ನ ಯಾರ್ ನೋಡ್ತಾರ ಅಕ್ಕಾ? ಹೊಲಸು!”

“ಖರೇ. ಆದ್ರ ಇದಿಲ್ಲದ ಅವ್ವ ಯಾಕ ಹೊಳ್ಳಿ ಬಂದ್ಲು?”

ಕೊನೆ ಮಾತ್ರ ಇರಲಿಲ್ಲ. ಮನೆಗೆ ಬಂದ ಮೇಲೆ ಅವ್ವ ಓಣಿಯ ನಳಕ್ಕೆ ಅರಿಶಿನ ಕುಂಕುಮ ಹಚ್ಚಿ, ಅದರ ಕಟ್ಟೆಯ ಮೇಲೆ ಉಡಿ ಇಟ್ಟು ಕೈಮುಗಿದಿದ್ದಳು. ಆಗ ತಮ್ಮನ ಫೋನು ಚಾರ್ಜಿಗಿತ್ತು. ಈಗ ಕೊನೆ ಬೇಕೆಂದು ತಿಳಿದದ್ದೇ ತಡ, ಅವನು ಓಡಿಹೋಗಿ ಕಟ್ಟೆಯ ಮೇಲಿದ್ದ ಆ ಉಡಿಯನ್ನೇ ಎತ್ತಿಕೊಂಡು ಬಂದ!

“ಅವ್ವಾ, ಇನ್ನೊಮ್ಮೆ ಇಡು. ಕಣ್ಣಾಗ ಸ್ವಲ್ಪ ನೀರ ಬರ್ಲಿ.”

ಅವ್ವ ಅವನನ್ನು ನೋಡಿದ ರೀತಿ ನಾನು ಮರೆಯಲಾರೆ. “ಇಟ್ಟ ಉಡಿ ಎತ್ತೀಯಲ್ಲೋ, ನಿನ್ ಬಾಳೇ ಸುಡ್ಲಿ! ಆ ಸಮುದ್ರದ ದಂಡಿ ಮ್ಯಾಲಿನ ಮಂದಿಗಿಂತ ಹೊಲಸದೀ ನೀ.” ಉಡಿ ಕಸಿದುಕೊಂಡು ಮತ್ತೆ ನಳದ ಕಡೆ ನಡೆದಳು. ತಮ್ಮ ಫೋನು ಎತ್ತಿದ. ನಾನು ಕಸಿದುಕೊಂಡೆ.

ಟೆಂಪೋದಲ್ಲಿ ಅವ್ವ ಉಡಿಯನ್ನು ಮಡಿಲಲ್ಲಿಟ್ಟುಕೊಂಡು ಮರಳುವ ಕ್ಲಿಪ್ ಇತ್ತು. ಹಾಡು ಹಾಕದೆ ಅಲ್ಲಿಗೇ ಮುಗಿಸಿದೆ. ಕೊನೆಗೆ ಹೊಂದಿದ್ದು ಅದೊಂದೇ.

ರಾತ್ರಿಯೇ ವ್ಲಾಗ್ ಏರಿಸಿದ ತಮ್ಮ ಬೆಳಗ್ಗೆ ಅದರ ಮೊದಲ ಕಮೆಂಟ್ ಓದಿದ: “ಬೀಚ್ ಮಸ್ತ್ ಐತ್ರಿ. ಅಲ್ಲಿ ಕುಡ್ಯಾಕ ಬಿಡ್ತಾರೇನ್ರಿ?”