ಅತ್ತೆಯವರ ಎಣಿಕೆ

ಹಾನಗಲ್ಲಿನ ನಮ್ಮ ಕಿರಾಣಿ ಅಂಗಡಿಯ ಹಿಂದೆ ಗೋದಾಮು, ಅದರ ಮುಂದೆ ಲಾರಿ ಹಲಗೆಯ ಮಟ್ಟಕ್ಕೆ ಕಟ್ಟಿದ ಕಟ್ಟೆ. ಯಜಮಾನರು ಹುಬ್ಬಳ್ಳಿಗೆ ಹೋದ ದಿನ ರವೆಯ ಲಾರಿ ಬಂತು. ಮಾಲು ನೋಡಿ ಇಳಿಸಿಕೊಳ್ಳುವ ಕೆಲಸ ನನಗೂ ಅತ್ತೆಯವರಿಗೂ ಬಿತ್ತು.

ಡ್ರೈವರ್ ಹೊಸಬ. ಇಳಿದವನೇ ಚಲನ್ ಚಾಚಿದ.

"ಅಕ್ಕಾರ, ಸಹಿ ಒಂದ್ ಹಾಕ್ಬಿಡ್ರಿ. ಇನ್ನ ಶಿಗ್ಗಾಂವಿಗೆ ಹೋಗ್ಬೇಕ್ರಿ."

"ಮಾಲು ನೋಡಿದ ಮ್ಯಾಲೆ ಸಹಿ, ತಮ್ಮಾ. ಕುಂದ್ರು, ಚಾ ಕುಡಿ," ಎಂದೆ.

ನಾವು ಬರೆಸಿದ್ದ ಆರ್ಡರ್ ಚೀಟಿ ತೆಗೆದು ಚಲನ್ ಜೊತೆ ಹಿಡಿದು ನೋಡಿದೆ. ಎರಡರಲ್ಲೂ ಸಣ್ಣ ರವೆ, ನಲವತ್ತು ಚೀಲ. ಹಮಾಲರು ಹೊರತೊಡಗಿದರು. ಅತ್ತೆಯವರು ಬಾಗಿಲಲ್ಲಿ ಕುಳಿತು ಗಟ್ಟಿಯಾಗಿ ಎಣಿಸಿದರು. ನಾನು ಒಂದೊಂದು ಚೀಲದ ಹೊಲಿಗೆ, ತಳ ಮುಟ್ಟಿ ನೋಡಿದೆ. ಎರಡು ಚೀಲಗಳ ತಳ ನೆನೆದು ಗಟ್ಟಿಯಾಗಿತ್ತು. ಬೇರೆ ಇಡಿಸಿದೆ.

ಕೊನೆಯ ಚೀಲ ಇಳಿದಾಗ ಅತ್ತೆಯವರು ಅಂದರು: "ಮೂವತ್ತೊಂಬತ್ತು. ಒಂದು ಕಡಿಮಿ ಐತಿ."

ಡ್ರೈವರ್ ಚಾ ಲೋಟ ಕೆಳಗಿಟ್ಟ. "ಹಂಗ ಬರೀಬ್ಯಾಡ್ರಿ ಅಕ್ಕಾರ. ಕೆಲಸಕ್ಕ ಸೇರಿ ಇನ್ನ ತಿಂಗಳ ಆಗಿಲ್ರಿ. ಚೀಲ ಮಾರ್ಕೊಂಡ ಅಂತ ನಾಳೆನ ಬಿಡಿಸ್ತಾರ."

ಕಡಿಮೆ ಇದ್ದರೆ ಬರೆಯದೆ ಸಹಿ ಹಾಕುವಂತಿಲ್ಲ. ಬರೆದರೆ ಇವನ ಕೆಲಸ ಹೋಗುತ್ತದೆ. ಬನಶಂಕರಿಯನ್ನು ನೆನೆದು, ಪೆನ್ನು ಮುಚ್ಚಿದೆ. "ಒಂದರ ಮ್ಯಾಲೊಂದು ಐದೈದರ ಥಪ್ಪಿ ಹಚ್ರಿ," ಎಂದೆ ಹಮಾಲರಿಗೆ.

ನೆನೆದ ಎರಡನ್ನೂ ಸೇರಿಸಿ ಎಂಟು ಥಪ್ಪಿ ಆಯಿತು. ಸರಿಯಾಗಿ ನಲವತ್ತು.

"ಅತ್ತಿ, ಮೊದಲನೇ ಚೀಲಕ್ಕ ಏನಂದ್ರಿ?"

"ಲಾಭ ಅಂದೆ. ಆಮ್ಯಾಲೆ ಒಂದು, ಎರಡು."

ನಮ್ಮ ಕಡೆ ಕಾಳು ಅಳೆಯುವಾಗ ಒಂದು ಅನ್ನದೆ ಲಾಭ ಅನ್ನುವುದು ವಾಡಿಕೆ, ಮುಂದಿನದು ಎರಡು. ಅತ್ತೆಯವರ ತವರಲ್ಲಿ ಮಾತ್ರ ಮೊದಲ ಸೇರು ದೇವರಿಗೆ, ಅದು ಲೆಕ್ಕಕ್ಕಿಲ್ಲ.

ಹಿರಿಯ ಹಮಾಲ ನಕ್ಕ. "ಅಮ್ಮಾರ, ದೇವರಿಗೆ ಐವತ್ತು ಕಿಲೋ ರವಾ ಕೊಟ್ರಲ್ರಿ! ಅಷ್ಟು ಉಪ್ಪಿಟ್ಟು ಅವನ ಒಬ್ಬನ ಹೆಂಗ ತಿಂದಾನ?"

"ನಿನ್ನ ಕರೀತಾನ ತಗೊ, ಹೊಟ್ಟಿಬಾಕಾ," ಎಂದರು ಅತ್ತೆ.

ಡ್ರೈವರ್ ಮಾತ್ರ ನಗಲಿಲ್ಲ, ನೆನೆದ ಚೀಲಗಳನ್ನೇ ನೋಡುತ್ತಿದ್ದ. "ಅವನ್ನೂ ಬರೀತೀರೇನ್ರಿ?"

"ಬರೀಬೇಕು. ಯಾಕ ನೆನದ್ವು ಅನ್ನೋದನ್ನೂ ಬರೀತೇನಿ."

ಲಾರಿ ಹತ್ತಿರ ಹೋಗಿ ನೋಡಿದೆ. ಮಳೆಗೆ ಮಾಲಿನ ಮೇಲೆ ಹೊದಿಸುವ ತಾಡಪತ್ರಿ ಮೂಲೆಯಲ್ಲಿ ಹರಿದಿತ್ತು, ಹಳೆಯ ಹೊಲಿಗೆ ಬಿಟ್ಟಿತ್ತು. ಚಲನ್‌ನ ಎರಡೂ ಪ್ರತಿಗಳಲ್ಲಿ ಬರೆದೆ: ನಲವತ್ತು ಬಂದಿವೆ, ಮೂವತ್ತೆಂಟು ಪಡೆದಿದ್ದೇವೆ, ಎರಡು ನೆನೆದಿದ್ದರಿಂದ ವಾಪಸ್, ತಾಡಪತ್ರಿ ಹಳೆಯದು, ಹರಿದಿದೆ. ಅವನ ಸಹಿ ಹಾಕಿಸಿ ನನ್ನದನ್ನೂ ಹಾಕಿದೆ. ಚೀಲಗಳದ್ದು, ತಾಡಪತ್ರಿಯದ್ದು ಫೋಟೋ ತೆಗೆದು ಮಿಲ್ಲಿಗೆ ಕಳಿಸಿದೆ.

ಮುಂದಿನ ಮಾಲಿನೊಂದಿಗೆ ಅವನೇ ಬಂದ. ಲಾರಿಗೆ ಹೊಸ ತಾಡಪತ್ರಿ, ಬದಲಿ ಚೀಲಗಳೂ ಇದ್ದವು.

"ಮಿಲ್ಲಿನ್ಯಾಗ ಬೈದ್ರೇನೋ?" ಎಂದೆ.

"ಬೈದ್ರರಿ. ಆದ್ರ ನನಗಲ್ಲ," ಎಂದು ಹಲಗೆ ಇಳಿಸಿದ.

ಬನಶಂಕರಿ ದೇವಿ ದೊಡ್ಡವಳು. ಪೆನ್ನು ತರಲು ಒಳಗೆ ಹೋದೆ.