ಕೆಂಪಾದ ಗೋಲು ವ್ಯತ್ಯಾಸ

ಓಝರ್ ಕಾಲನಿಯ ಫುಟ್‌ಬಾಲ್ ಲೀಗಿನಲ್ಲಿ ನಮ್ಮ ತಂಡಕ್ಕೂ ಕಾರ್ಯದರ್ಶಿ ಕಾಕಾರ ತಂಡಕ್ಕೂ ಅಂಕ ಸಮ. ಗೋಲು ವ್ಯತ್ಯಾಸ ಹೆಚ್ಚಿದ್ದವರಿಗೆ ಸಂಭಾಜಿನಗರದ ಫೈನಲ್. ಕಾಕಾ ಕಳಿಸಿದ ಅಂಕಪಟ್ಟಿಯ ಸೊಟ್ಟ ಫೋಟೋವನ್ನು ಫೋನಿನಿಂದಲೇ ಓದಿಸಿ ಎಕ್ಸೆಲ್ ಶೀಟಿಗಿಳಿಸಿದೆ. ಹೊಡೆದ ಗೋಲಿನಿಂದ ತಿಂದ ಗೋಲು ಕಳೆದು, ಉತ್ತರ ಪಟ್ಟಿಗೆ ಹೊಂದದಿದ್ದರೆ ಸಾಲು ಕೆಂಪಾಗುವಂತೆ ಸೂತ್ರ ಹಾಕಿದೆ. ಕಾಕಾರ ಸಾಲೇ ಕೆಂಪಾಯಿತು. ಹನ್ನೊಂದರಲ್ಲಿ ಒಂಬತ್ತು ಕಳೆದರೆ ಎರಡು, ಪಟ್ಟಿಯಲ್ಲಿ ಎಂಟು! ನಮ್ಮದು ಆರು.

"ಲೆಕ್ಕದಾಗ ನಾ ಭಾಳ ಪಕ್ಕಾ ಅದೀನ್ರಿ," ಎಂದು ಎಲ್ಲರೆದುರು ಕಾಕಾರ ಮೂಗುದನಿಯಲ್ಲೇ ಅಣಕಿಸಿದೆ.

ಕಾಕಾ ಫೋಟೋ ಹಿಗ್ಗಿಸಿ ತೋರಿಸಿದರು. "ಇದು ಹದಿನೇಳಪಾ, ಶಾಣ್ಯಾ. ನಿನ್ನ ಫೋನಿಗೆ ಚಷ್ಮಾ ಹಾಕ್ಸು."

ಏಳನ್ನು ಫೋನು ಒಂದೆಂದು ಓದಿತ್ತು. ಲೆಕ್ಕ ಹೊಂದುತ್ತಿಲ್ಲ ಎಂದಷ್ಟೇ ಶೀಟು ಹೇಳಿತ್ತು. ಕಳ್ಳನನ್ನು ಹಿಡಿದ ಮಹಾಬುದ್ಧಿವಂತ ನಾನು. ಹದಿನೇಳು ತುಂಬಿದೊಡನೆ ಕೆಂಪು ಹೋಯಿತು, ನಮ್ಮ ಫೈನಲ್ಲೂ ಹೋಯಿತು.